ಕೇಳದೆ ಮಾಡಿದ ಆದೇಶ: ಸಹಜ ನ್ಯಾಯದ ವಿನಾಯಿತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೋಟಿಸ್ ಇಲ್ಲದೆ ಕೆಲಸ, ಲೈಸೆನ್ಸ್, ಮನೆ ಅಥವಾ ಪರೀಕ್ಷೆಯ ಫಲಿತಾಂಶ ಕಳೆದುಕೊಂಡವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಭಾರತದ ಕಾನೂನಿಗೆ ಸೇರಿದವು. ‘ಕೇಳಿದ್ದರೂ ಫಲಿತಾಂಶ ಇದೇ ಆಗುತ್ತಿತ್ತು’ ಎಂಬ ವಾದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಗೆಲ್ಲಬೇಕಾದ ಕೇಸುಗಳು ಸೋಲುವುದು ಹೆಚ್ಚಾಗಿ ಅಲ್ಲೇ.

## ಮೊದಲು ತಿಳಿಯಬೇಕಾದ್ದು

ನೋಟಿಸ್ ಕೊಡದೆ ನನ್ನ ಮೇಲೆ ಆರ್ಡರ್ ಮಾಡಿದ್ದಾರೆ. ಇದು ಯಾವಾಗಲೂ ತಪ್ಪಲ್ವಾ?

ಬಹುಪಾಲು ತಪ್ಪೇ. ಆದರೆ ‘ಯಾವಾಗಲೂ’ ಅಲ್ಲ. ಒಬ್ಬರ ಹಕ್ಕು, ಜೀವನೋಪಾಯ, ಹೆಸರಿಗೆ ಪೆಟ್ಟು ಬೀಳುವ ತೀರ್ಮಾನ ಮಾಡುವ ಮುಂಚೆ ಅವರ ಮಾತು ಕೇಳಬೇಕು ಅನ್ನುವುದು ಸಹಜ ನ್ಯಾಯದ ನಿಯಮ. ಕೇಳದೆ ಮುಂದುವರಿಯಲು ಅಧಿಕಾರಿಗಳು ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತಾರೆ. ಒಂದು, ಕಾಯುವಷ್ಟು ಸಮಯ ಇರಲಿಲ್ಲ. ಎರಡು, ಕೇಳುವುದು ಸಾಧ್ಯವೇ ಇರಲಿಲ್ಲ. ಮೂರು, ಕೇಳಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಈ ಮೂರೂ ಒಂದೇ ತೂಕದವಲ್ಲ. ಮೊದಲ ಎರಡು ಆದೇಶ ಮಾಡುವ ಹೊತ್ತಿಗೆ ಇದ್ದ ಪರಿಸ್ಥಿತಿಗೆ ಸಂಬಂಧಿಸಿದವು. ಅದನ್ನು ಫೈಲು ತೆಗೆದು ನೋಡಬಹುದು. ಮೂರನೆಯದು ಆಗದೇ ಹೋದ ಒಂದು ವಿಚಾರಣೆಯ ಫಲಿತಾಂಶದ ಊಹೆ. ಅದಕ್ಕೇ ಕೋರ್ಟುಗಳು ಅದರ ಬಗ್ಗೆ ಹೆಚ್ಚು ಎಚ್ಚರಿಕೆ ವಹಿಸುತ್ತವೆ, ಕನಿಷ್ಠ ವಹಿಸಬೇಕು.

ಆ್ಯಕ್ಟ್‌ನಲ್ಲಿ ನೋಟಿಸ್ ಕೊಡಬೇಕು ಅಂತ ಬರೆದೇ ಇಲ್ಲ ಅಂತಾರೆ. ಹಾಗಾದ್ರೆ ಕೇಳೋ ಹಾಗಿಲ್ವಾ?

ಕೇಳಬಹುದು. ಕಾನೂನು ಸುಮ್ಮನಿದ್ದರೆ ಕೋರ್ಟು ಆ ಜಾಗದಲ್ಲಿ ಸಹಜ ನ್ಯಾಯವನ್ನು ಸೇರಿಸಿಯೇ ಓದುತ್ತದೆ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಇದು ಗಟ್ಟಿಯಾಗಿ ನಿಂತಿತು. ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವ ಮುಂಚೆ ಹಿಯರಿಂಗ್ ಕೊಡಬೇಕೆಂದು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಇರಲಿಲ್ಲ. ಆದರೂ ಆ ಕರ್ತವ್ಯ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

2023ರ ಮಾರ್ಚಿನಲ್ಲಿ ರಾಜೇಶ್ ಅಗರ್‌ವಾಲ್ ಕೇಸಿನಲ್ಲೂ ಹೀಗೇ ಆಯಿತು. ಸಾಲದ ಖಾತೆಯನ್ನು ‘ವಂಚನೆ’ ಎಂದು ಗುರುತಿಸುವ ರಿಸರ್ವ್ ಬ್ಯಾಂಕ್ ನಿರ್ದೇಶನಗಳಲ್ಲಿ ಸಾಲಗಾರನನ್ನು ಕೇಳಬೇಕೆಂಬ ಮಾತೇ ಇರಲಿಲ್ಲ. ಕೋರ್ಟು ಅದನ್ನು ಸೇರಿಸಿ ಓದಿತು. ಕಾನೂನೇ ಸ್ಪಷ್ಟವಾಗಿ ‘ಕೇಳಬೇಕಿಲ್ಲ’ ಅಂದಿದ್ದರೆ ಆಗ ಜಗಳ ಬೇರೆ: ಆ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬುದು.

## ತುರ್ತಿನ ಪ್ರಶ್ನೆಗಳು

‘ಅರ್ಜೆಂಟ್ ಇತ್ತು, ಕೇಳೋಕೆ ಟೈಮ್ ಇರಲಿಲ್ಲ’ ಅಂದ್ರೆ ಅಷ್ಟಕ್ಕೇ ಸಾಕಾ?

ಸಾಲದು. ನಿಜವಾದ ತುರ್ತು ಹೇಗಿರುತ್ತದೆ ಅಂತ ನೋಡಲು ಅಮೆರಿಕದ 1908ರ ಒಂದು ಕೇಸು ಸಹಾಯಕ್ಕೆ ಬರುತ್ತದೆ. ಷಿಕಾಗೋದ ಕೋಲ್ಡ್ ಸ್ಟೋರೇಜ್ ಒಂದರಲ್ಲಿದ್ದ ಕೋಳಿಮಾಂಸ ಕೊಳೆತಿದೆ ಎಂದು ನಗರದ ಅಧಿಕಾರಿಗಳು ಅದನ್ನು ನಾಶಮಾಡಲು ಹೊರಟರು. ಕಂಪನಿ ‘ಮೊದಲು ನಮ್ಮನ್ನು ಕೇಳಿ’ ಅಂದಿತು. ಕೋರ್ಟು ಒಪ್ಪಲಿಲ್ಲ. ಕೊಳೆತ ಆಹಾರ ಜನರ ಹೊಟ್ಟೆ ಸೇರುವ ಅಪಾಯ ಇರುವಾಗ ಮೊದಲು ಕ್ರಮ, ಆಮೇಲೆ ವಿಚಾರಣೆ. ಮಾಂಸ ಕೆಟ್ಟಿರಲಿಲ್ಲ ಎಂದು ಆಮೇಲೆ ಸಾಬೀತುಮಾಡಿದರೆ ಕಂಪನಿ ನಷ್ಟ ಪರಿಹಾರ ಕೇಳಬಹುದು. ಇಲ್ಲಿ ಎರಡು ವಿಷಯ ಒಟ್ಟಿಗೆ ಇವೆ. ಕಾದರೆ ಆಗುವ ಹಾನಿ ಸರಿಪಡಿಸಲಾಗದ್ದು. ಕೇಳದೆ ಮಾಡಿದ್ದರಿಂದ ಆಗುವ ಹಾನಿ ಹಣದಲ್ಲಿ ತುಂಬಬಹುದಾದ್ದು.

ನಮ್ಮಲ್ಲಿ 1981ರ ಸ್ವದೇಶಿ ಕಾಟನ್ ಮಿಲ್ಸ್ ತೀರ್ಪು ಮುಖ್ಯ. 1978ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಕಂಪನಿಯ ಘಟಕಗಳ ಆಡಳಿತವನ್ನು ಕೇಳದೆಯೇ ಕೈಗೆ ತೆಗೆದುಕೊಂಡಿತು. ‘ತಕ್ಷಣ ಕ್ರಮ ಅಗತ್ಯ’ ಎಂಬ ಮಾತು ಕಾನೂನಿನಲ್ಲೇ ಇದೆ, ಆದ್ದರಿಂದ ಹಿಯರಿಂಗ್ ಪ್ರಶ್ನೆಯೇ ಬರುವುದಿಲ್ಲ ಎಂದು ವಾದಿಸಿತು. ಬಹುಮತದ ತೀರ್ಪು ಇದನ್ನು ಒಪ್ಪಲಿಲ್ಲ. ‘ತಕ್ಷಣ’ ಎಂಬ ಪದ ಇದ್ದ ಮಾತ್ರಕ್ಕೆ ಕೇಳುವ ಕರ್ತವ್ಯ ಹೋಗುವುದಿಲ್ಲ. ತುರ್ತಿನಲ್ಲಿ ಹಿಯರಿಂಗ್ ಚಿಕ್ಕದಾಗಬಹುದು, ಎರಡೇ ದಿನದ ನೋಟಿಸ್ ಸಾಕಾಗಬಹುದು, ಪತ್ರದಲ್ಲೇ ಮುಗಿಯಬಹುದು. ಪೂರ್ತಿ ಮಾಯವಾಗುವುದು ಅಪರೂಪ.

ನಿಮ್ಮ ಕೇಸಿನಲ್ಲಿ ತುರ್ತು ನಿಜವೋ ಸುಳ್ಳೋ ತಿಳಿಯಲು ತಾರೀಖುಗಳನ್ನು ಜೋಡಿಸಿ. ತಪಾಸಣೆ ಯಾವಾಗ ಆಯಿತು? ವರದಿ ಯಾವಾಗ ಮೇಜಿಗೆ ಬಂತು? ಆದೇಶ ಯಾವಾಗ? ಜಾರಿ ಯಾವಾಗ? ಜನವರಿಯಲ್ಲಿ ತಪಾಸಣೆ ಮಾಡಿ ಏಪ್ರಿಲ್‌ನಲ್ಲಿ ‘ತುರ್ತು’ ಆದೇಶ ಮಾಡಿದ್ದರೆ, ನಡುವಿನ ಮೂರು ತಿಂಗಳಲ್ಲಿ ಒಂದು ವಾರದ ನೋಟಿಸ್ ಕೊಡಲು ಏನು ಅಡ್ಡಿ ಇತ್ತು ಎಂದು ಕೇಳಿ. ಆದೇಶ ಮಾಡಿ ಹದಿನೈದು ದಿನ ಬಿಟ್ಟು ಜಾರಿ ಮಾಡಿದ್ದರೂ ಅದೇ ಪ್ರಶ್ನೆ. ತುರ್ತಿನ ವಾದವನ್ನು ಇಲಾಖೆಯ ಫೈಲಿಗಿಂತ ಚೆನ್ನಾಗಿ ಒಡೆಯುವ ಸಾಕ್ಷಿ ಇನ್ನೊಂದಿಲ್ಲ.

ಕೆಲವು ಕಾನೂನುಗಳು ತುರ್ತಿಗೆ ತಾವೇ ದಾರಿ ಮಾಡಿಕೊಟ್ಟಿವೆ. 1986ರ ಪರಿಸರ ಸಂರಕ್ಷಣಾ ನಿಯಮಗಳ 4ನೇ ನಿಯಮ ನೋಡಿ. ಪರಿಸರಕ್ಕೆ ಗಂಭೀರ ಹಾನಿಯ ಸಂಭವ ಇದ್ದರೆ ಆಕ್ಷೇಪಣೆಗೆ ಅವಕಾಶ ಕೊಡದೆ ನಿರ್ದೇಶನ ಕೊಡಬಹುದು. ಆದರೆ ಕಾರಣವನ್ನು ಬರೆದಿಡಲೇಬೇಕು. ಬರೆದ ಕಾರಣ ಫೈಲಿನಲ್ಲಿ ಇಲ್ಲದಿದ್ದರೆ ಆ ವಿನಾಯಿತಿ ಅವರಿಗೆ ಸಿಗುವುದು ಕಷ್ಟ.

ಮೊದಲು ಆರ್ಡರ್ ಮಾಡಿ, ಈಗ ‘ಬಂದು ನಿಮ್ಮ ಅಹವಾಲು ಹೇಳಿ’ ಅಂತಿದ್ದಾರೆ. ಹೋಗಬೇಕಾ?

ಹೋಗಿ. ಆದರೆ ‘ಮೊದಲೇ ಕೇಳಬೇಕಿತ್ತು ಎಂಬ ನನ್ನ ಆಕ್ಷೇಪಣೆ ಉಳಿಸಿಕೊಂಡು ಹಾಜರಾಗುತ್ತಿದ್ದೇನೆ’ ಎಂದು ಬರೆದು ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಹೋಗಿ.

ನಿಜವಾದ ತುರ್ತು ಇದ್ದಾಗ ಆಮೇಲಿನ ವಿಚಾರಣೆಯನ್ನು ಕೋರ್ಟು ಒಪ್ಪುತ್ತದೆ. ಮೇನಕಾ ಗಾಂಧಿ ಕೇಸು ಮುಗಿದಿದ್ದೂ ಹಾಗೆಯೇ. ಮನವಿಯನ್ನು ಪರಿಶೀಲಿಸುತ್ತೇವೆ ಎಂದು ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಕೊಟ್ಟ ಭರವಸೆಯ ಮೇಲೆ ಕೋರ್ಟು ಪಾಸ್‌ಪೋರ್ಟ್ ಆದೇಶವನ್ನು ರದ್ದು ಮಾಡಲಿಲ್ಲ. ತುರ್ತು ಇಲ್ಲದಿದ್ದಾಗ ಮಾತು ಬೇರೆ. ಕೆ.ಐ. ಶೆಫರ್ಡ್ ಕೇಸಿನಲ್ಲಿ ಮೂರು ಖಾಸಗಿ ಬ್ಯಾಂಕುಗಳನ್ನು ಸರ್ಕಾರಿ ವಲಯದ ಬ್ಯಾಂಕುಗಳಲ್ಲಿ ವಿಲೀನ ಮಾಡಿದ್ದರು. ಲಕ್ಷ್ಮೀ ಕಮರ್ಷಿಯಲ್ ಬ್ಯಾಂಕ್ ನಮ್ಮ ಕೆನರಾ ಬ್ಯಾಂಕಿಗೆ ಸೇರಿತು. ಹಳೆಯ ಬ್ಯಾಂಕುಗಳ ಕೆಲವು ನೌಕರರನ್ನು ಹೊಸ ಬ್ಯಾಂಕಿಗೆ ತೆಗೆದುಕೊಳ್ಳದೆ ಹೊರಗಿಟ್ಟರು. ಅವರನ್ನು ಯಾರೂ ಕೇಳಿರಲಿಲ್ಲ. ಈಗ ಬೇಕಾದರೆ ಕೇಳುತ್ತೇವೆ ಎಂಬ ಪರಿಹಾರವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತಳ್ಳಿಹಾಕಿತು. ಒಮ್ಮೆ ತೀರ್ಮಾನ ಮಾಡಿದವರು ಅದನ್ನೇ ಸಮರ್ಥಿಸಿಕೊಳ್ಳಲು ನೋಡುತ್ತಾರೆ, ಆಮೇಲೆ ಕೊಟ್ಟ ಮನವಿಯಿಂದ ಫಲ ಸಿಗುವುದು ಕಡಿಮೆ ಎಂದು ಕಾರಣ ಕೊಟ್ಟಿತು. ಕಚೇರಿಗಳನ್ನು ಹತ್ತಿ ಇಳಿದ ಯಾರಿಗಾದರೂ ಈ ಮಾತಿನ ಸತ್ಯ ಗೊತ್ತು.

## ‘ಕೇಳುವುದು ಸಾಧ್ಯವಿರಲಿಲ್ಲ’

ಒಂದಿಷ್ಟು ಜನ ಕಾಪಿ ಮಾಡಿದ್ದಕ್ಕೆ ಇಡೀ ಸೆಂಟರಿನ ಪರೀಕ್ಷೆ ರದ್ದು ಮಾಡಿದ್ರು. ನನ್ನ ಮಗಳನ್ನ ಒಂದು ಮಾತೂ ಕೇಳಲಿಲ್ಲ. ಇದು ನ್ಯಾಯಾನಾ?

ಮಗಳ ಕಡೆಯಿಂದ ನೋಡಿದರೆ ನೋವಿನ ವಿಷಯವೇ. ಆದರೆ ಕಾನೂನು ಇಲ್ಲಿ ಪರೀಕ್ಷಾ ಮಂಡಳಿಯ ಕಡೆಗಿದೆ, ಸರಿಯಾದ ಕಾರಣಕ್ಕೇ ಇದೆ.

ಬಿಹಾರದ ಶಾಹಾಬಾದ್ ಜಿಲ್ಲೆಯ ಹನ್ಸ್‌ವಾಡಿ ಎಂಬ ಕೇಂದ್ರದಲ್ಲಿ 1969ರ ಸೆಕೆಂಡರಿ ಪರೀಕ್ಷೆಯನ್ನು ಮಂಡಳಿ ಪೂರ್ತಿ ರದ್ದು ಮಾಡಿತು. ಅಲ್ಲಿ ಪಾಸಾದವರ ಪ್ರಮಾಣ ಬೇರೆ ಕೇಂದ್ರಗಳಿಗಿಂತ ತೀರಾ ಜಾಸ್ತಿ ಇತ್ತು, ಉತ್ತರ ಪತ್ರಿಕೆಗಳೂ ಒಂದಕ್ಕೊಂದು ಹೋಲುತ್ತಿದ್ದವು. 36 ವಿದ್ಯಾರ್ಥಿಗಳು ‘ನಮ್ಮನ್ನು ಕೇಳಲಿಲ್ಲ’ ಎಂದು ಕೋರ್ಟಿಗೆ ಹೋಗಿ ಹೈಕೋರ್ಟಿನಲ್ಲಿ ಗೆದ್ದರು. 1970ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಮಂಡಳಿ ಇಂಥವನು ಕಾಪಿ ಮಾಡಿದ ಎಂದು ಯಾರ ಮೇಲೂ ಬೊಟ್ಟು ಮಾಡಿಲ್ಲ. ಆ ಕೇಂದ್ರದ ಪರೀಕ್ಷೆ ಪರೀಕ್ಷೆಯಂತೆ ನಡೆದಿಲ್ಲ ಎಂದಷ್ಟೇ ಹೇಳಿದೆ. ಅದಕ್ಕಾಗಿ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕೂರಿಸಿ ವಿಚಾರಣೆ ಮಾಡುತ್ತಾ ಹೋದರೆ ಯಾವ ಮಂಡಳಿಯೂ ಕೆಲಸ ಮಾಡಲಾಗದು ಎಂಬುದು ಕೋರ್ಟಿನ ತರ್ಕ.

ಗೆರೆ ಎಲ್ಲಿದೆ ಅಂದರೆ, ಆರೋಪ ನಿಮ್ಮ ಮಗಳ ಹೆಸರಿನ ಮೇಲೆ ಬಂದ ಕ್ಷಣದಲ್ಲಿದೆ. ‘ಈ ವಿದ್ಯಾರ್ಥಿನಿ ನಕಲು ಮಾಡಿದ್ದಾಳೆ, ಎರಡು ವರ್ಷ ಪರೀಕ್ಷೆ ಬರೆಯುವಂತಿಲ್ಲ’ ಎಂದರೆ ಅವಳನ್ನು ಕೇಳಲೇಬೇಕು. ಇದನ್ನು ಘನಶ್ಯಾಮ್ ದಾಸ್ ಗುಪ್ತ ಕೇಸಿನಲ್ಲಿ 1962ರಲ್ಲೇ ಹೇಳಿಯಾಗಿದೆ. ಆದ್ದರಿಂದ ರದ್ದತಿ ಆದೇಶವನ್ನು ಸರಿಯಾಗಿ ಓದಿ. ಸೆಂಟರಿನ ಬಗ್ಗೆ ಇದೆಯೋ, ರಿಜಿಸ್ಟರ್ ನಂಬರ್ ಹಾಕಿ ಬರೆದಿದೆಯೋ? ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆಯೋ? ಮರುಪರೀಕ್ಷೆ ಇದ್ದರೆ ಅದು ಶಿಕ್ಷೆ ಅಲ್ಲ ಎಂಬ ವಾದಕ್ಕೆ ಬಲ ಬರುತ್ತದೆ.

ನನ್ನ ತಮ್ಮ ಪೊಲೀಸ್ ಇಲಾಖೆಯಲ್ಲಿದ್ದ. ‘ವಿಚಾರಣೆ ನಡೆಸುವುದು ಸಾಧ್ಯವಿಲ್ಲ’ ಅಂತ ಒಂದೇ ಸಾಲು ಬರೆದು ಡಿಸ್ಮಿಸ್ ಮಾಡಿದ್ದಾರೆ. ಹೀಗೆ ಮಾಡಬಹುದಾ?

ಸಂವಿಧಾನದ 311(2)ನೇ ವಿಧಿಯ ಎರಡನೇ ಪರಂತುಕದಲ್ಲಿ, ಅಂದರೆ ವಿನಾಯಿತಿ ಹೇಳುವ ಭಾಗದಲ್ಲಿ, ಅಂಥ ಅಧಿಕಾರ ಇದೆ. ವಿಚಾರಣೆ ನಡೆಸುವುದು ‘ಯುಕ್ತವಾಗಿ ಸಾಧ್ಯವಿಲ್ಲ’ ಎಂದು ಅಧಿಕಾರಿಗೆ ಮನವರಿಕೆ ಆಗಿ, ಕಾರಣ ಬರೆದಿಟ್ಟರೆ ನೇರವಾಗಿ ವಜಾ ಮಾಡಬಹುದು. 1985ರ ತುಳಸಿರಾಂ ಪಟೇಲ್ ತೀರ್ಪು ಈ ಅಧಿಕಾರವನ್ನು ಎತ್ತಿಹಿಡಿಯಿತು. ಸಾಕ್ಷಿಗಳು ಬೆದರಿ ಬಾಯಿ ಬಿಡದಂತಾಗಿದ್ದರೆ, ವಿಚಾರಣಾಧಿಕಾರಿಗೇ ಪ್ರಾಣಭಯ ಇದ್ದರೆ, ಕಚೇರಿಯಲ್ಲಿ ಎಲ್ಲೆಡೆ ಹಿಂಸೆ ಇದ್ದರೆ ಅದು ‘ಸಾಧ್ಯವಿಲ್ಲ’ದ ಸ್ಥಿತಿ.

ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ, ಅದನ್ನು ಇಲಾಖೆಗಳು ನೆನಪಿಸುವುದಿಲ್ಲ. ವಿಚಾರಣೆಯನ್ನು ತಪ್ಪಿಸಿಕೊಳ್ಳುವ ಆಸೆಯಿಂದ, ಅಥವಾ ಇಲಾಖೆಯ ಕೇಸು ದುರ್ಬಲವಾಗಿದೆ ಎಂಬ ಕಾರಣಕ್ಕೆ ಈ ಅಧಿಕಾರ ಬಳಸುವಂತಿಲ್ಲ. ಒಂದೇ ಸಾಲಿನ ಆದೇಶದಲ್ಲಿ ಆ ವಿಧಿಯ ಪದಗಳನ್ನೇ ನಕಲು ಮಾಡಿದ್ದರೆ ಅದು ಕಾರಣ ಅಲ್ಲ. ಯಾವ ಸಾಕ್ಷಿ ಹೆದರಿದರು, ಯಾರು ಬೆದರಿಸಿದರು, ಅದು ಫೈಲಿನಲ್ಲಿ ಎಲ್ಲಿದೆ ಎಂದು ಕೇಳಿ. ತಮ್ಮ ಆ ಹೊತ್ತಿಗೆ ಅಮಾನತಿನಲ್ಲಿದ್ದು ದೂರದ ಊರಲ್ಲಿದ್ದರೆ, ಸಾಕ್ಷಿಗಳೆಲ್ಲ ಇಲಾಖೆಯವರೇ ಆಗಿದ್ದರೆ, ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಇಲಾಖೆಗೆ ಕಷ್ಟ.

## ‘ಕೇಳಿದ್ದರೂ ಅಷ್ಟೇ’ ಎಂಬ ವಾದ

ನೋಟಿಸ್ ಕೊಟ್ಟಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಆದ್ರೆ ‘ಕೊಟ್ಟಿದ್ದರೂ ಫಲಿತಾಂಶ ಇದೇ’ ಅಂತಾರೆ. ಕೋರ್ಟು ಇದನ್ನ ಒಪ್ಪುತ್ತಾ?

ಸುಲಭಕ್ಕೆ ಒಪ್ಪಬಾರದು. ಇದಕ್ಕೆ ಆಧಾರ 1980ರ ಎಸ್.ಎಲ್. ಕಪೂರ್ ವಿರುದ್ಧ ಜಗಮೋಹನ್ ತೀರ್ಪು. ಅದರ ಸಂಗತಿಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನವದೆಹಲಿ ನಗರಸಭಾ ಸಮಿತಿಯನ್ನು 1980ರ ಫೆಬ್ರುವರಿ 27ರಂದು ದೆಹಲಿಯ ಲೆಫ್ಟಿನೆಂಟ್ ಗವರ್ನರ್ ವಿಸರ್ಜಿಸಿದರು. ಸದಸ್ಯರಿಗೆ ನೋಟಿಸ್ ಇಲ್ಲ. ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದವು. ಕಪೂರ್ ಮತ್ತಿತರ ಸದಸ್ಯರು ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಬಂದರು. ಸರ್ಕಾರದ ಕಡೆಯವರ ಮುಖ್ಯ ವಾದ ಹೀಗಿತ್ತು: ದೋಷಗಳು ದಾಖಲೆಯಲ್ಲೇ ಇವೆ, ಅವುಗಳ ಬಗ್ಗೆ ಸಮಿತಿಗೂ ನಮಗೂ ಪತ್ರ ವ್ಯವಹಾರ ನಡೆದಿತ್ತು, ಸದಸ್ಯರಿಗೆ ಎಲ್ಲ ಗೊತ್ತಿತ್ತು. ಪ್ರತ್ಯೇಕವಾಗಿ ಕೇಳುವುದರಿಂದ ಏನಾಗಬೇಕಿತ್ತು?

ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಎರಡು ಉತ್ತರ ಕೊಟ್ಟರು. ಮೊದಲನೆಯದು, ಆರೋಪದ ಸಂಗತಿ ಗೊತ್ತಿರುವುದು ಬೇರೆ, ಅದರ ಮೇಲೆ ಸಮಿತಿಯನ್ನೇ ವಿಸರ್ಜಿಸುವ ಯೋಚನೆ ನಡೆದಿದೆ ಎಂದು ಗೊತ್ತಿರುವುದು ಬೇರೆ. ಯಾವ ಕ್ರಮ ಬರಲಿದೆ ಎಂದು ತಿಳಿದವನು ಕೊಡುವ ಉತ್ತರ, ಬರೀ ಒಂದು ಆಡಳಿತಾತ್ಮಕ ಪತ್ರಕ್ಕೆ ಕೊಡುವ ಉತ್ತರಕ್ಕಿಂತ ಬೇರೆಯೇ ಇರುತ್ತದೆ. ಎರಡನೆಯದು ಇನ್ನೂ ದೊಡ್ಡದು. ಸಹಜ ನ್ಯಾಯ ಪಾಲಿಸಿದ್ದರೆ ವ್ಯತ್ಯಾಸ ಆಗುತ್ತಿತ್ತೇ ಎಂದು ನೋಡಿ ಅದನ್ನು ಹೊರಗಿಡುವ ನಿಯಮ ಇಲ್ಲ. ಪಾಲಿಸದಿರುವುದೇ ಆ ವ್ಯಕ್ತಿಗೆ ಆದ ಹಾನಿ. ಅದರ ಮೇಲೆ ಬೇರೆ ಹಾನಿ ತೋರಿಸಬೇಕಿಲ್ಲ. ನ್ಯಾಯ ನಿರಾಕರಿಸಿದವನೇ ‘ನಿನಗೆ ಏನೂ ನಷ್ಟವಾಗಿಲ್ಲ’ ಎಂದು ಹೇಳುವುದು ಚಂದವಲ್ಲ ಎಂಬ ಅರ್ಥದ ಮಾತೂ ತೀರ್ಪಿನಲ್ಲಿದೆ.

ಆದರೆ ಅದೇ ತೀರ್ಪು ಒಂದು ಕಿಟಕಿ ತೆರೆದಿಟ್ಟಿದೆ. ಒಪ್ಪಿಕೊಂಡ ಅಥವಾ ವಿವಾದವೇ ಇಲ್ಲದ ಸಂಗತಿಗಳ ಮೇಲೆ ಒಂದೇ ತೀರ್ಮಾನ ಸಾಧ್ಯ, ಕಾನೂನಿನಲ್ಲಿ ಒಂದೇ ಶಿಕ್ಷೆ ಸಾಧ್ಯ ಎಂದಾದರೆ ಕೋರ್ಟು ಆದೇಶ ರದ್ದು ಮಾಡುವ ರಿಟ್ ಕೊಡದೆ ಇರಬಹುದು. ಕೇಳಬೇಕಿರಲಿಲ್ಲ ಎಂದಲ್ಲ. ಫಲವಿಲ್ಲದ ರಿಟ್ ಕೊಡುವುದಿಲ್ಲ ಎಂದಷ್ಟೇ.

ಕಪೂರ್ ಅವರಿಗೆ ಕೊನೆಗೆ ಸಿಕ್ಕಿದ್ದನ್ನೂ ಹೇಳಬೇಕು. ತೀರ್ಪು ಬಂದದ್ದು ಸೆಪ್ಟೆಂಬರ್‌ನಲ್ಲಿ. ಸಮಿತಿಯ ಅವಧಿ ಅಕ್ಟೋಬರ್ 3ಕ್ಕೆ ಮುಗಿಯುವುದರಲ್ಲಿತ್ತು. ಆದೇಶ ದೋಷಪೂರಿತ ಎಂದು ಕೋರ್ಟು ಹೇಳಿತು, ಆದರೆ ಸದಸ್ಯರನ್ನು ಮತ್ತೆ ಕೂರಿಸುವ ಹಂತಕ್ಕೆ ಹೋಗಲಿಲ್ಲ. ಅವಧಿ ಓಡುತ್ತಿರುವ ಹುದ್ದೆಯಾದರೆ ಮೊದಲ ದಿನವೇ ತಡೆಯಾಜ್ಞೆ ಕೇಳಬೇಕು ಎನ್ನುವುದು ಇದಕ್ಕೇ.

ಹಾಗಾದ್ರೆ ಈ ವಾದ ಯಾವತ್ತೂ ಗೆದ್ದಿಲ್ವಾ?

ಗೆದ್ದಿದೆ. 2000ದ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮನ್ಸೂರ್ ಅಲಿ ಖಾನ್ ಕೇಸು ಇದರ ಒಳ್ಳೆಯ ಮಾದರಿ. ವಿಶ್ವವಿದ್ಯಾಲಯದ ನೌಕರರೊಬ್ಬರು ಎರಡು ವರ್ಷದ ರಜೆ ಹಾಕಿ ಲಿಬಿಯಾದಲ್ಲಿ ಕೆಲಸಕ್ಕೆ ಹೋದರು. ಇನ್ನೂ ಮೂರು ವರ್ಷ ಬೇಕೆಂದು ಕೇಳಿದರು. ಒಂದು ವರ್ಷ ಕೊಟ್ಟು, ಇದರ ಮೇಲೆ ವಿಸ್ತರಣೆ ಇಲ್ಲ ಎಂದು ಮೊದಲೇ ತಿಳಿಸಿದ್ದರು. ಅವರು ಬರಲಿಲ್ಲ, ಅಲ್ಲೇ ಕೆಲಸ ಮುಂದುವರಿಸಿದರು. ನಿಯಮದ ಪ್ರಕಾರ ಕೊಡಬೇಕಿದ್ದ ಶೋಕಾಸ್ ನೋಟಿಸ್ ಕೊಡದೆ ಹುದ್ದೆ ಖಾಲಿ ಎಂದು ಘೋಷಿಸಿದರು. ನೋಟಿಸ್ ಕೊಟ್ಟಿದ್ದರೆ ಅವರು ಹೇಳಬಹುದಾಗಿದ್ದ ವಿವರಣೆ ಒಂದೇ, ಅದನ್ನು ವಿಶ್ವವಿದ್ಯಾಲಯ ಆಗಲೇ ನೋಡಿ ತಿರಸ್ಕರಿಸಿತ್ತು. ಹಾಗಾಗಿ ಹಾನಿ ಇಲ್ಲ ಎಂದು ಕೋರ್ಟು ಹೇಳಿತು.

ಗೆಲ್ಲಲು ಏನು ಬೇಕಾಯಿತು ಗಮನಿಸಿ. ಸಂಗತಿಗಳಲ್ಲಿ ವಿವಾದವಿಲ್ಲ. ಎಚ್ಚರಿಕೆ ಮೊದಲೇ ಕೊಟ್ಟಿತ್ತು. ಹೊಸದಾಗಿ ಹೇಳಲು ಏನೂ ಉಳಿದಿರಲಿಲ್ಲ. ಅರ್ಜಿಯ ಕೊನೇ ದಿನಕ್ಕೆ ಅರ್ಹತೆಯೇ ಇಲ್ಲದೆ ನೇಮಕವಾದವರ ಕೇಸುಗಳೂ ಇದೇ ಜಾತಿಗೆ ಸೇರುತ್ತವೆ. ಪದವಿಯ ತಾರೀಖು ಕಾಗದದಲ್ಲಿದೆ, ಯಾವ ವಿವರಣೆಯೂ ಅದನ್ನು ಹಿಂದಕ್ಕೆ ಹಾಕಲಾಗದು.

ನಾನು ನ್ಯಾಯಬೆಲೆ ಅಂಗಡಿ ನಡೆಸ್ತೀನಿ. ದಾಸ್ತಾನು ಕಡಿಮೆ ಇದ್ದದ್ದು ನಿಜ, ಮಹಜರಿಗೆ ಸಹಿಯನ್ನೂ ಹಾಕಿದ್ದೀನಿ. ನೋಟಿಸ್ ಇಲ್ಲದೆ ಲೈಸೆನ್ಸ್ ರದ್ದಾಗಿದೆ. ಒಪ್ಪಿಕೊಂಡ ಮೇಲೆ ಕಥೆ ಮುಗೀತಲ್ವಾ?

ಮುಗಿದಿಲ್ಲ. ಒಪ್ಪಿಕೊಂಡ ಸಂಗತಿಗೂ ಒಪ್ಪಿಕೊಂಡ ತಪ್ಪಿಗೂ ಅಂತರ ಇದೆ. ಒಂದು ಊಹೆಯ ಲೆಕ್ಕ ಹಾಕೋಣ. ಪುಸ್ತಕದಲ್ಲಿ 40 ಕ್ವಿಂಟಲ್ ಅಕ್ಕಿ, ಗೋಡೌನಿನಲ್ಲಿ 36. ನೀವು ಸಹಿ ಹಾಕಿದ್ದು ‘4 ಕ್ವಿಂಟಲ್ ಕಡಿಮೆ ಇದೆ’ ಎಂಬುದಕ್ಕೆ. ‘4 ಕ್ವಿಂಟಲ್ ಕಾಳಸಂತೆಗೆ ಮಾರಿದ್ದೇನೆ’ ಎಂಬುದಕ್ಕಲ್ಲ.

ನೋಟಿಸ್ ಬಂದಿದ್ದರೆ ನೀವು ಏನು ಹೇಳುತ್ತಿದ್ದಿರಿ? ಹಿಂದಿನ ದಿನ ಸರ್ವರ್ ಕೈಕೊಟ್ಟಿತ್ತು, ಕಾರ್ಡಿನವರಿಗೆ ಕೈಬರಹದ ಪಟ್ಟಿಯ ಮೇಲೆ ಅಕ್ಕಿ ಕೊಟ್ಟಿದ್ದೆ, ಮಷಿನ್‌ಗೆ ಏರಿಸಿರಲಿಲ್ಲ. ಅಥವಾ ಲಾರಿಯಿಂದ ಇಳಿಸುವಾಗಲೇ ತೂಕ ಕಮ್ಮಿ ಇತ್ತು, ಚೀಟಿಯಲ್ಲಿ ಬರೆದಿದ್ದೆ. ಇಂಥ ಒಂದು ಕಾಗದ ನಿಮ್ಮ ಹತ್ತಿರ ಇದ್ದರೆ ‘ಒಂದೇ ತೀರ್ಮಾನ ಸಾಧ್ಯ’ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು.

ಒಂದು ವೇಳೆ ಯಾವ ವಿವರಣೆಯೂ ಇಲ್ಲ ಅನ್ನಿ. ಆಗಲೂ ಶಿಕ್ಷೆಯ ಪ್ರಶ್ನೆ ಉಳಿಯಿತು. ನಿಮಗೆ ಅನ್ವಯಿಸುವ ಆದೇಶದಲ್ಲಿ ಠೇವಣಿ ಮುಟ್ಟುಗೋಲು, ಅಮಾನತು, ರದ್ದತಿ ಎಂದು ಆಯ್ಕೆ ಇದ್ದರೆ, ಅಧಿಕಾರಿ ಯಾಕೆ ಕೊನೆಯದನ್ನೇ ಆರಿಸಿದರು? ಇಷ್ಟು ವರ್ಷ ದೂರು ಇಲ್ಲದೆ ನಡೆಸಿದ್ದು, ಇದೇ ಮೊದಲ ತಪ್ಪು ಎಂಬುದನ್ನು ಹೇಳುವ ಜಾಗ ಹಿಯರಿಂಗ್ ಒಂದೇ. ಕಪೂರ್ ತೀರ್ಪು ‘ಒಂದೇ ತೀರ್ಮಾನ’ ಎಂದು ನಿಲ್ಲಿಸಿಲ್ಲ, ‘ಒಂದೇ ಶಿಕ್ಷೆ’ ಎಂದೂ ಸೇರಿಸಿದೆ. ಎರಡನೇ ಅರ್ಧವನ್ನು ವಾದದಲ್ಲಿ ಬಿಟ್ಟುಬಿಡುವವರೇ ಜಾಸ್ತಿ.

ನಮ್ಮ ಕಟ್ಟಡದ ಮೇಲಿನ ಮಹಡಿಗೆ ಅನುಮತಿ ಇಲ್ಲ. ಅಕ್ರಮ ಅಂತ ಗೊತ್ತಿರೋವಾಗ ನೋಟಿಸ್ ಯಾಕೆ ಅಂತಾರೆ. ಅದು ಸರಿನಾ?

ಸರಿಯಲ್ಲ. ಮುಂಬೈನ ಪಾದಚಾರಿ ಮಾರ್ಗದ ನಿವಾಸಿಗಳ ಕೇಸಿನಲ್ಲಿ, ಅಂದರೆ 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ, ನಗರಪಾಲಿಕೆ ಇದೇ ವಾದ ಮಾಡಿತ್ತು. ಅಲ್ಲಿ ಇರುವ ಹಕ್ಕೇ ಇಲ್ಲದವರನ್ನು ಕೇಳಿ ಏನು ಪ್ರಯೋಜನ ಎಂದಿತ್ತು. ನೋಟಿಸ್ ಇಲ್ಲದೆ ತೆರವು ಮಾಡಲು ಮುಂಬೈ ನಗರಪಾಲಿಕೆ ಕಾಯ್ದೆಯ 314ನೇ ಸೆಕ್ಷನ್ ಅಧಿಕಾರವನ್ನೂ ಕೊಟ್ಟಿತ್ತು. ಕೋರ್ಟು ಎರಡನ್ನೂ ಒಪ್ಪಲಿಲ್ಲ. ‘ನೋಟಿಸ್ ಇಲ್ಲದೆ ಮಾಡಬಹುದು’ ಎಂದರೆ ‘ನೋಟಿಸ್ ಇಲ್ಲದೆಯೇ ಮಾಡಬೇಕು’ ಎಂದಲ್ಲ. ಆದರೂ ತೆರವು ನಿಲ್ಲಲಿಲ್ಲ. ಸುಪ್ರೀಂ ಕೋರ್ಟೇ ನಿವಾಸಿಗಳ ಮಾತು ವಿವರವಾಗಿ ಕೇಳಿದೆ, ಅಷ್ಟು ಸಾಕು ಎಂದು ಹೇಳಿ, ಮಳೆಗಾಲ ಮುಗಿಯುವ ತನಕ, ಅಕ್ಟೋಬರ್ 31ರವರೆಗೆ, ತೆರವನ್ನು ಮುಂದೂಡಿತು. ತತ್ವದಲ್ಲಿ ಗೆದ್ದು ಮನೆ ಕಳೆದುಕೊಂಡ ಆ ಜನರ ಬಗ್ಗೆ ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಕರ್ನಾಟಕದಲ್ಲಿ ಬೆಂಗಳೂರು ಬಿಟ್ಟು ಉಳಿದ ನಗರ ನಿಗಮಗಳಿಗೆ 1976ರ ಪೌರ ನಿಗಮಗಳ ಕಾಯ್ದೆಯ 321ನೇ ಸೆಕ್ಷನ್ ಕ್ರಮವನ್ನು ಹಾಕಿಕೊಟ್ಟಿದೆ. ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸ್, ಉತ್ತರ ನೋಡಿದ ಮೇಲೆ ದೃಢೀಕರಣ. ಇಲ್ಲಿ ಹಿಯರಿಂಗ್‌ನಿಂದ ಬದಲಾಗಬಹುದಾದ್ದು ಬಹಳ ಇದೆ. ಉಲ್ಲಂಘನೆ ಎಷ್ಟು ಅಡಿ? ಅಳತೆ ಸರಿಯಾಗಿದೆಯೇ? ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ಮಿತಿಯೊಳಗೆ ಇದೆಯೇ? ಒಡೆಯಬೇಕಾದರೂ ಒಂದು ಭಾಗ ಸಾಕೇ? 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ 15 ದಿನದ ನೋಟಿಸ್ ಇಲ್ಲದೆ ತೆರವು ಮಾಡುವಂತಿಲ್ಲ ಎಂದು ದೇಶಕ್ಕೆಲ್ಲ ನಿರ್ದೇಶನ ಕೊಟ್ಟಿದೆ. ರಸ್ತೆ, ಫುಟ್‌ಪಾತ್, ರೈಲು ಹಳಿಯ ಬದಿ, ನದಿ ಮತ್ತು ಜಲಮೂಲದಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೆ ಮತ್ತು ಕೋರ್ಟ್ ಆದೇಶದ ತೆರವಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮದು ಸ್ವಂತ ಸೈಟಿನ ಮೇಲಿನ ಮಹಡಿಯಾದರೆ ಅದರ ರಕ್ಷಣೆ ನಿಮಗಿದೆ.

## ಇನ್ನೂ ಆಳದ ಪ್ರಶ್ನೆಗಳು

‘ಕೇಳಿ ಪ್ರಯೋಜನವಿಲ್ಲ’ ಅಂತ ಅಧಿಕಾರಿಯೇ ಮೊದಲೇ ತೀರ್ಮಾನಿಸಿ ನೋಟಿಸ್ ಕೊಡದೆ ಇರಬಹುದಾ?

ಇರುವಂತಿಲ್ಲ. 2015ರ ಧರಂಪಾಲ್ ಸತ್ಯಪಾಲ್ ತೀರ್ಪು ಇದನ್ನು ಬಿಡಿಸಿ ಹೇಳಿತು. ಅಲ್ಲಿ ಅಬಕಾರಿ ಸುಂಕದ ರಿಯಾಯಿತಿಯನ್ನು ಸಂಸತ್ತು ಹಿಂದಿನ ದಿನಾಂಕದಿಂದ ವಾಪಸ್ ತೆಗೆದಿತ್ತು, ಆ ಕಾನೂನು ಸಿಂಧು ಎಂದೂ ತೀರ್ಮಾನವಾಗಿತ್ತು. ಹಣ ವಾಪಸ್ ಕೇಳುವ ಮುಂಚೆ ಕಂಪನಿಗೆ ನೋಟಿಸ್ ಕೊಟ್ಟಿರಲಿಲ್ಲ. ಹಣ ಕಟ್ಟದೆ ಬೇರೆ ದಾರಿಯೇ ಇಲ್ಲವಾದ್ದರಿಂದ ಕೋರ್ಟು ಬೇಡಿಕೆಯನ್ನು ರದ್ದು ಮಾಡಲಿಲ್ಲ. ಆದರೆ ಹಿಯರಿಂಗ್‌ನಿಂದ ಉಪಯೋಗವಿಲ್ಲ ಎಂದು ಅಧಿಕಾರಿಯೇ ಅಂದುಕೊಂಡು ಅದನ್ನು ಹಾರಿ ಮುಂದೆ ಹೋಗುವಂತಿಲ್ಲ ಎಂದಿತು.

ಅಂದರೆ ಅಧಿಕಾರಿಯ ಕರ್ತವ್ಯ ಒಂದು, ಕೋರ್ಟಿನ ಪರಿಹಾರ ಇನ್ನೊಂದು. ನಿಜವಾದ ತುರ್ತು, ಅಸಾಧ್ಯತೆ ಇಲ್ಲದಿದ್ದರೆ ಅಧಿಕಾರಿ ಯಾವತ್ತೂ ಕೇಳಬೇಕು. ಕೇಳದಿದ್ದಾಗ ಏನು ಪರಿಹಾರ ಕೊಡಬೇಕು ಎಂದು ತೂಗುವಾಗ ಮಾತ್ರ ‘ವ್ಯತ್ಯಾಸ ಆಗುತ್ತಿತ್ತೇ’ ಎಂಬುದು ಬರುತ್ತದೆ, ಅದನ್ನು ತೂಗುವವರು ನ್ಯಾಯಾಧೀಶರು. 2020ರ ಸುಧೀರ್ ಕುಮಾರ್ ಸಿಂಗ್ ತೀರ್ಪು ಇದನ್ನೇ ಮತ್ತೆ ಹೇಳಿದೆ. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ ಗೆರೆ ಇದು. ಇದು ಅಳಿಸಿಹೋದರೆ ಪ್ರತಿ ಕಚೇರಿಯೂ ತನಗೆ ಖಾತ್ರಿಯಿರುವ ವಿಷಯದಲ್ಲಿ ನೋಟಿಸ್ ಕೊಡುವುದನ್ನು ನಿಲ್ಲಿಸಬಹುದು. ಖಾತ್ರಿ ಇಲ್ಲದ ಕಚೇರಿ ಯಾವುದಿದೆ?

ನೋಟಿಸ್ ಬಂತು, ವಿಚಾರಣೆಯೂ ಆಯ್ತು. ಆದ್ರೆ ವಿಚಾರಣಾ ವರದಿಯ ಪ್ರತಿ ಕೊಡದೆ ವಜಾ ಮಾಡಿದ್ರು. ಇದಕ್ಕೂ ಕಪೂರ್ ತೀರ್ಪು ಅನ್ವಯಿಸುತ್ತಾ?

ನೇರವಾಗಿ ಇಲ್ಲ. 1993ರ ಕರುಣಾಕರ್ ತೀರ್ಪಿನಿಂದ ಇಲ್ಲಿ ಲೆಕ್ಕ ಬೇರೆ. ವರದಿ ಕೊಡದಿರುವುದು ತಪ್ಪೇ. ಆದರೆ ಕೊಟ್ಟಿದ್ದರೆ ನೀವು ಏನು ಹೇಳಿ ಫಲಿತಾಂಶ ಬದಲಿಸಬಹುದಿತ್ತು ಎಂದು ತೋರಿಸಬೇಕು. ಕೋರ್ಟು ಮೊದಲು ವರದಿಯನ್ನು ನಿಮ್ಮ ಕೈಗೆ ಕೊಡಿಸುತ್ತದೆ, ಆಮೇಲೆ ಹಾನಿಯನ್ನು ತೋರಿಸಿ ಎನ್ನುತ್ತದೆ. 1996ರ ಎಸ್.ಕೆ. ಶರ್ಮಾ ತೀರ್ಪು ಈ ಭೇದವನ್ನು ಹೆಸರಿಟ್ಟು ಹೇಳಿತು: ಕೇಳಲೇ ಇಲ್ಲ ಎಂಬುದು ಒಂದು, ಕೇಳಿದ ರೀತಿಯಲ್ಲಿ ಕೊರತೆ ಇತ್ತು ಎಂಬುದು ಇನ್ನೊಂದು. ಎರಡನೆಯದರಲ್ಲಿ ಹಾನಿ ತೋರಿಸುವ ಹೊಣೆ ನಿಮ್ಮದು.

ಆರ್ಡರ್‌ನಲ್ಲಿ ತುರ್ತು ಅಂತ ಒಂದಕ್ಷರ ಇಲ್ಲ. ಈಗ ಕೋರ್ಟಿನಲ್ಲಿ ಅಫಿಡವಿಟ್ ಹಾಕಿ ತುರ್ತು ಅಂತಿದ್ದಾರೆ. ಏನು ಹೇಳೋದು?

1977ರ ಫಿರೋಜ್‌ಪುರ ಲೋಕಸಭಾ ಚುನಾವಣೆಯನ್ನು ನೆನಪಿಸಿ. ಎಣಿಕೆ ಮುಗಿಯುವ ಹೊತ್ತಿಗೆ ಫಾಜಿಲ್ಕಾದಲ್ಲಿ ಗಲಭೆಯಾಗಿ ಕೆಲವು ಮತಪತ್ರಗಳು ನಾಶವಾದವು. ಆಯೋಗ ಇಡೀ ಕ್ಷೇತ್ರಕ್ಕೆ ಮರುಮತದಾನ ಘೋಷಿಸಿತು. ಮುಂದಿದ್ದ ಅಭ್ಯರ್ಥಿ ಮೊಹಿಂದರ್ ಸಿಂಗ್ ಗಿಲ್ ಕೋರ್ಟಿಗೆ ಹೋದರು. ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲಿನ ಅಫಿಡವಿಟ್‌ನಿಂದ ಅದಕ್ಕೆ ಬಲ ತುಂಬುವಂತಿಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಆದೇಶ ಹಳೆಯ ದ್ರಾಕ್ಷಾರಸವಲ್ಲ, ಇಟ್ಟಷ್ಟೂ ಚೆನ್ನಾಗಲು ಎಂಬ ಅವರ ಮಾತು ಕೋರ್ಟುಗಳಲ್ಲಿ ಇಂದಿಗೂ ಓಡಾಡುತ್ತದೆ. ಚುನಾವಣೆಯ ಅವಸರದಲ್ಲೂ ಚುಟುಕಾಗಿ ಕೇಳಬಹುದು ಎಂದೂ ಅವರು ಹೇಳಿದರು. ಮೂಲ ಫೈಲಿನಲ್ಲೇ ಆ ದಿನದ ಟಿಪ್ಪಣಿ ಇದ್ದರೆ ಮಾತ್ರ ಇಲಾಖೆಗೆ ಸ್ವಲ್ಪ ನೆಲ ಸಿಗುತ್ತದೆ. ಹಾಗಾಗಿ ಫೈಲನ್ನು ಕೋರ್ಟಿಗೆ ತರಿಸಲು ಕೇಳಿ.

ನನ್ನ ರಿಟ್ ಅರ್ಜಿಯಲ್ಲಿ ‘ಸಹಜ ನ್ಯಾಯದ ಉಲ್ಲಂಘನೆ’ ಅಂತ ಬರೆದಿದ್ದೀವಿ. ಅಷ್ಟು ಸಾಲದಾ?

ಈಗಿನ ದಿನಗಳಲ್ಲಿ ಸಾಲದು. ಕಪೂರ್ ತೀರ್ಪಿನ ಬಲದಲ್ಲಿ ‘ಹಾನಿ ತೋರಿಸಬೇಕಿಲ್ಲ’ ಎಂದು ವಾದಿಸಬಹುದು, ಆದರೆ ಆಮೇಲಿನ ತೀರ್ಪುಗಳನ್ನು ಎದುರು ಪಕ್ಷ ಮುಂದಿಟ್ಟೇ ಇಡುತ್ತದೆ. ಆದ್ದರಿಂದ ಅರ್ಜಿಯಲ್ಲೇ ಒಂದು ಪ್ಯಾರಾ ಸೇರಿಸಿ: ನನ್ನನ್ನು ಕೇಳಿದ್ದರೆ ಈ ಮಾತು ಹೇಳುತ್ತಿದ್ದೆ, ಈ ಕಾಗದ ತೋರಿಸುತ್ತಿದ್ದೆ, ಈ ಕಡಿಮೆ ಶಿಕ್ಷೆ ಕೇಳುತ್ತಿದ್ದೆ. ಕಾಗದವನ್ನು ಲಗತ್ತಿಸಿ. ಅಂತಿಮ ತೀರ್ಮಾನ ನಿಮ್ಮ ಪರವಾಗಿಯೇ ಬರುತ್ತಿತ್ತು ಎಂದು ಸಾಬೀತುಮಾಡುವ ಹೊಣೆ ಹೊರಬೇಡಿ. ಬೇರೆ ತೀರ್ಮಾನ ಸಾಧ್ಯವಿತ್ತು ಎಂದು ತೋರಿಸಿದರೆ ‘ಒಂದೇ ತೀರ್ಮಾನ’ದ ವಾದ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ‘ಮೊದಲು ಮೇಲ್ಮನವಿ ಹಾಕಿ, ಆಮೇಲೆ ರಿಟ್‌ಗೆ ಬನ್ನಿ’ ಎಂಬ ನಿಯಮವನ್ನು ಹೈಕೋರ್ಟು ಹೇಳಬಹುದು. ಕೇಳದೆಯೇ ಮಾಡಿದ ಆದೇಶಕ್ಕೆ ಆ ನಿಯಮದಿಂದ ವಿನಾಯಿತಿ ಇದೆ, ಆದರೂ ಮೇಲ್ಮನವಿಯ ಗಡುವು ಮುಗಿಯದಂತೆ ನೋಡಿಕೊಳ್ಳಿ.

ಗೆದ್ದರೆ ನನ್ನ ಕೆಲಸ ವಾಪಸ್ ಬರುತ್ತಾ?

ತಕ್ಷಣಕ್ಕೆ ಬರಬಹುದು, ಖಾಯಂ ಆಗಿ ಅಂತ ಹೇಳಲಾಗದು. ಇಂಥ ಕೇಸುಗಳಲ್ಲಿ ಕೋರ್ಟು ಸಾಮಾನ್ಯವಾಗಿ ಆದೇಶ ರದ್ದು ಮಾಡಿ, ನೋಟಿಸ್ ಕೊಟ್ಟು ಹೊಸದಾಗಿ ತೀರ್ಮಾನಿಸಿ ಎಂದು ವಾಪಸ್ ಕಳಿಸುತ್ತದೆ. ಅಧಿಕಾರಿ ನಿಮ್ಮ ಮಾತು ಕೇಳಿ ಅದೇ ಆದೇಶವನ್ನು ಮತ್ತೆ ಮಾಡಬಹುದು. ಆಗ ನಿಮ್ಮ ಕೈಯಲ್ಲಿ ಕಾರಣ ಬರೆದ ಆದೇಶ ಇರುತ್ತದೆ, ನಿಮ್ಮ ಉತ್ತರ ದಾಖಲೆಯಲ್ಲಿ ಇರುತ್ತದೆ, ಮೇಲ್ಮನವಿಯಲ್ಲಿ ಅದರ ಮೇಲೆ ವಾದಿಸಬಹುದು. ವಾಪಸ್ ಕಳಿಸುವ ಆದೇಶದಲ್ಲಿ ಎರಡು ಸಾಲು ಹಾಕಿಸಿಕೊಳ್ಳಲು ನಿಮ್ಮ ವಕೀಲರಿಗೆ ಹೇಳಿ. ಒಂದು, ಹೊಸ ತೀರ್ಮಾನಕ್ಕೆ ಗಡುವು. ಇನ್ನೊಂದು, ಅಲ್ಲಿಯವರೆಗೆ ನಿಮ್ಮ ಸ್ಥಿತಿ ಏನು, ಅಂಗಡಿ ತೆರೆದಿರುತ್ತದೆಯೋ, ಸಂಬಳ ಬರುತ್ತದೆಯೋ ಎಂಬುದು. ಇವೆರಡೂ ಇಲ್ಲದಿದ್ದರೆ ಗೆದ್ದ ಆದೇಶವನ್ನು ಕೈಯಲ್ಲಿ ಹಿಡಿದು ಅದೇ ಕಚೇರಿಯ ಮುಂದೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.